ಓದುಗರ ಸ್ಪಂದನ: ಆರು ನಿಮಿಷದ ಪಾಠಕ್ಕೆ ಯೋಜನೆ ಬರೆಯೋದು ಹೇಗೆ?

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಸಮಸ್ಯೆ: ನಾನು ಬಿ.ಎಡ್. ಮೊದಲ ಸೆಮಿಸ್ಟರ್‌ನಲ್ಲಿದ್ದೇನೆ, ಬೋಧನಾ ವಿಷಯ ಕನ್ನಡ. ಸೂಕ್ಷ್ಮ ಬೋಧನೆಗೆ ‘ಉದಾಹರಣೆ ಸಹಿತ ವಿವರಿಸುವ ಕೌಶಲ’ ಕೊಟ್ಟಿದ್ದಾರೆ. ಎಂಟನೇ ತರಗತಿಗೆಂದು ‘ಕನ್ನಡ ಸಂಧಿಗಳು’ ಆರಿಸಿಕೊಂಡು ಆರು ಉದ್ದೇಶ ಬರೆದೆ, ದೊಡ್ಡ ಚಾರ್ಟ್ ಮಾಡಿದೆ, ಪೀಠಿಕೆಗೆ ಒಂದು ಹಾಡು ಸೇರಿಸಿದೆ, ಕೊನೆಗೆ ಐದು ಪ್ರಶ್ನೆ ಇಟ್ಟೆ. “ಇದು ನಲವತ್ತು ನಿಮಿಷದ ಪಾಠ, ಮತ್ತೆ ಬರೆದುಕೊಂಡು ಬಾ” ಎಂದು ರೆಕಾರ್ಡ್ ವಾಪಸ್ ಬಂತು. ಎಲ್ಲವನ್ನೂ ಚಿಕ್ಕದು ಮಾಡಬೇಕೋ, ಅಥವಾ ಬರೆಯುವ ಕ್ರಮವೇ ಬೇರೆಯೋ? — ಒಬ್ಬ ಪ್ರಶಿಕ್ಷಣಾರ್ಥಿ, ತುಮಕೂರು

ನಿವೃತ್ತ ಬಿ.ಎಡ್. ಉಪನ್ಯಾಸಕಿ, ಮೈಸೂರು

ಕ್ರಮವೇ ಬೇರೆ, ಮಗಳೇ. ದೊಡ್ಡ ಪಾಠವನ್ನು ಕತ್ತರಿಸಿದರೆ ಸೂಕ್ಷ್ಮ ಪಾಠ ಆಗುವುದಿಲ್ಲ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಜೊತೆಗಾರರು ಇದನ್ನು ರೂಪಿಸಿದ್ದೇ ಒಂದು ಸಲಕ್ಕೆ ಒಂದೇ ಕೌಶಲವನ್ನು ಪಳಗಿಸುವುದಕ್ಕಾಗಿ. ನಮ್ಮಲ್ಲಿ ನಡೆದುಬಂದ ಲೆಕ್ಕ ಹೀಗಿದೆ: ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಒಟ್ಟು 36 ನಿಮಿಷ. ಮರುಯೋಜನೆಗೆ ಬೋಧನೆಯ ಇಮ್ಮಡಿ ಹೊತ್ತು ಇರುವುದನ್ನು ಗಮನಿಸಿ. ಮೊದಲ ಸಲ ಬರೆದ ಯೋಜನೆ ತಿದ್ದಲಿಕ್ಕೇ ಇರುವಂಥದ್ದು.

ಹಾಗಾಗಿ ಮೊದಲು ಹಾಡು ತೆಗೆದುಹಾಕಿ. ಪೀಠಿಕಾ ಕೌಶಲಕ್ಕೆ ಬೇರೆ ದಿನ ಇದೆ. ನಿಮ್ಮ ಕೌಶಲದ ಘಟಕಾಂಶಗಳು ಕಾಲೇಜಿನ ಅವಲೋಕನ ಪಟ್ಟಿಯಲ್ಲೇ ಇರುತ್ತವೆ: ಸರಳ ಉದಾಹರಣೆ, ವಿಷಯಕ್ಕೆ ಹೊಂದುವ ಉದಾಹರಣೆ, ಆಸಕ್ತಿ ಹುಟ್ಟಿಸುವ ಉದಾಹರಣೆ, ಸೂಕ್ತ ಮಾಧ್ಯಮ, ಅನುಗಮನ–ನಿಗಮನ ಕ್ರಮ. ಕೊನೆಯದೇ ಪಾಠದ ಬೆನ್ನೆಲುಬು. ನೀವು ಉದಾಹರಣೆ ಕೊಡಬೇಕು, ಮಕ್ಕಳು ಅದರಿಂದ ನಿಯಮ ಹೇಳಬೇಕು, ಆಮೇಲೆ ಅದೇ ನಿಯಮಕ್ಕೆ ಅವರೇ ಹೊಸ ಉದಾಹರಣೆ ಕೊಡಬೇಕು. ಆರು ನಿಮಿಷದಲ್ಲಿ ಇಷ್ಟು ನಡೆಯಬೇಕಾದರೆ ‘ಕನ್ನಡ ಸಂಧಿಗಳು’ ಆಗದು. ಲೋಪಸಂಧಿ ಒಂದೇ ಸಾಕು.

ಈಗ ಉದ್ದೇಶ. ಇದರಲ್ಲಿ ಎರಡು ಬಗೆ ಇವೆ, ಬೆರೆಸಬೇಡಿ. ಒಂದು ನಿಮ್ಮದು: ‘ಉದಾಹರಣೆ ಸಹಿತ ವಿವರಿಸುವ ಕೌಶಲವನ್ನು ರೂಢಿಸಿಕೊಳ್ಳುವುದು’. ಇದು ಯೋಜನೆಯ ತಲೆಭಾಗದಲ್ಲಿ ಒಂದು ಸಾಲು. ಇನ್ನೊಂದು ಮಕ್ಕಳದು. ಅಲ್ಲಿ ‘ಸಂಧಿಯ ಜ್ಞಾನ ಪಡೆಯುವರು, ಅರ್ಥಮಾಡಿಕೊಳ್ಳುವರು, ಭಾಷಾಭಿಮಾನ ಬೆಳೆಸಿಕೊಳ್ಳುವರು’ ಎಂದು ಬರೆದರೆ ಆರು ನಿಮಿಷದ ಕೊನೆಗೆ ಯಾರು ಅಳೆಯುತ್ತಾರೆ? ಹೀಗೆ ಬರೆಯಿರಿ: ‘ಕೊಟ್ಟ ಪದವನ್ನು ಬಿಡಿಸಿ, ಲೋಪವಾದ ಸ್ವರವನ್ನು ಗುರುತಿಸುವರು. ಲೋಪಸಂಧಿಗೆ ಹೊಸ ಉದಾಹರಣೆ ಕೊಡುವರು.’ ಎರಡೇ ನಿರ್ದಿಷ್ಟೀಕರಣ. ಬರೆದ ಕ್ರಿಯಾಪದವನ್ನು ಮಗು ಮಾಡುವುದು ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು.

ಕೆಳಗೆ ಮೂರು ಅಂಕಣ ಹಾಕಿ: ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಕೌಶಲದ ಘಟಕಾಂಶ. ಮೂರನೆಯ ಅಂಕಣ ಖಾಲಿ ಉಳಿಯುವ ಸಾಲು ಈ ಪಾಠಕ್ಕೆ ಸೇರಿದ್ದಲ್ಲ. ಅದನ್ನು ಹೊಡೆದುಹಾಕಿ.

ಪ್ರೌಢಶಾಲೆಯ ಕನ್ನಡ ಶಿಕ್ಷಕ, ಶಿರಸಿ

ತಂಗೀ, ಮೇಡಂ ಹೇಳಿದ್ದು ಸರಿ. ನಾನು ಉದಾಹರಣೆಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಿಮ್ಮ ಕೌಶಲ ನಿಂತಿರುವುದೇ ಅಲ್ಲಿ. ಲೋಪಸಂಧಿ ಎಂದ ಕೂಡಲೇ ನಾವೆಲ್ಲ ಊರಲ್ಲಿ, ಮಾತನ್ನು, ದೇವರಿಂದ ಎಂದು ಸಾಲಾಗಿ ಬರೆಯುತ್ತೇವೆ. ಮೂರರಲ್ಲೂ ಹೋಗಿರುವುದು ಉಕಾರವೇ. ಇದನ್ನು ತೋರಿಸಿ “ನಿಯಮ ಹೇಳಿ” ಎಂದರೆ, ಚುರುಕಾದ ಮಗು “ಉ ಬಂದರೆ ಬಿಟ್ಟುಹೋಗುತ್ತದೆ” ಅನ್ನುತ್ತದೆ. ಅದು ಕಂಡದ್ದನ್ನೇ ಹೇಳಿದೆ, ತಪ್ಪು ಪಟ್ಟಿಯದ್ದು. ಮೂರು ಉದಾಹರಣೆಯಲ್ಲಿ ಮೂರು ಬೇರೆ ಸ್ವರ ಹೋಗುವಂತೆ ನೋಡಿಕೊಳ್ಳಿ:

ಊರು + ಅಲ್ಲಿ = ಊರಲ್ಲಿ (ಹೋದದ್ದು ಉ)
ಬೇರೆ + ಒಬ್ಬ = ಬೇರೊಬ್ಬ (ಹೋದದ್ದು ಎ)
ಅವನ + ಊರು = ಅವನೂರು (ಹೋದದ್ದು ಅ)

ಊರೂರು, ಹಣದಾಸೆ ಇಂಥವನ್ನು ಮೊದಲ ಪಾಠಕ್ಕೆ ತರಬೇಡಿ. ಲೋಪಸಂಧಿಯೇ ಹೌದು. ಆದರೆ ಉ ಮುಂದೆ ಊ ಬಂದು ಊ ಉಳಿದದ್ದನ್ನು ಕಂಡವರು ಸವರ್ಣದೀರ್ಘದ ಕಡೆ ವಾಲುತ್ತಾರೆ, ನಿಮ್ಮ ಆರು ನಿಮಿಷ ಆ ವಾದಕ್ಕೇ ಮುಗಿಯುತ್ತದೆ.

ಇನ್ನು ಉಪಕರಣ. ದೊಡ್ಡ ಚಾರ್ಟ್ ಯಾಕೆ ಕೆಲಸ ಮಾಡುವುದಿಲ್ಲ ಗೊತ್ತೇ? ಪೂರ್ತಿ ಉತ್ತರ ಮೊದಲೇ ಗೋಡೆಯ ಮೇಲಿರುತ್ತದೆ, ಮಕ್ಕಳು ಕಂಡುಹಿಡಿಯಲು ಏನೂ ಉಳಿದಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ನಮ್ಮ ಲಿಪಿಯಲ್ಲೇ ಇದೆ. ‘ಊರು + ಅಲ್ಲಿ = ಊರಲ್ಲಿ’ ಎಂದು ಹಲಗೆಯಲ್ಲಿ ಬರೆದು “ಯಾವ ಸ್ವರ ಹೋಯಿತು?” ಅಂತ ಕೇಳಿ ನೋಡಿ. ಅರ್ಧ ತರಗತಿ “ಅ ಹೋಯಿತು ಸರ್” ಅನ್ನುತ್ತದೆ. ಕಣ್ಣಿಗೆ ಕಾಣುವುದು ಹಾಗೆಯೇ, ಅಲ್ಲಿದ್ದ ‘ಅ’ ಅಕ್ಷರ ಕೂಡಿದ ಪದದಲ್ಲಿ ಇಲ್ಲವಲ್ಲ! ಅದು ‘ರ’ದೊಳಗೆ ಕೂತಿದೆ, ಹೋದದ್ದು ರುಕಾರದ ಕೊಂಬಿನಲ್ಲಿದ್ದ ಉ, ಎಂಬುದು ಅಕ್ಷರ ನೋಡಿದರೆ ಗೊತ್ತಾಗದು. ವರ್ಣ ಬಿಡಿಸಿದರೆ ಗೊತ್ತಾಗುತ್ತದೆ.

ಅದಕ್ಕೆ ಮಡಿಸುವ ಪಟ್ಟಿ ಮಾಡಿ. ಡ್ರಾಯಿಂಗ್ ಶೀಟಿನಿಂದ ಒಂದಡಿ ಉದ್ದದ ಪಟ್ಟಿ ಕತ್ತರಿಸಿ, ಮೂರು ಭಾಗ ಮಾಡಿ ‘ಊರ್’, ‘ಉ’, ‘ಅಲ್ಲಿ’ ಎಂದು ಬರೆಯಿರಿ. ನಡುವಿನ ‘ಉ’ ಮಾತ್ರ ಕೆಂಪು ಮಾರ್ಕರ್‌ನಲ್ಲಿ. ಮೊದಲು ಪಟ್ಟಿ ಬಿಡಿಸಿ ಹಿಡಿದು ‘ಊರು, ಅಲ್ಲಿ’ ಎಂದು ಓದಿಸಿ. ಆಮೇಲೆ ನಡುವಿನ ಭಾಗವನ್ನು ಹಿಂದಕ್ಕೆ ಮಡಿಸಿ. ‘ಊರ್’ ಮತ್ತು ‘ಅಲ್ಲಿ’ ಅಂಟಿಕೊಳ್ಳುತ್ತವೆ, ಜೋರಾಗಿ ಓದಿದರೆ ಬಾಯಲ್ಲಿ ‘ಊರಲ್ಲಿ’ ತಾನಾಗಿ ಬರುತ್ತದೆ. ‘ಬೇರ್, ಎ, ಒಬ್ಬ’ ಒಂದು, ‘ಅವನ್, ಅ, ಊರು’ ಇನ್ನೊಂದು. ಮೂರು ಪಟ್ಟಿ, ಒಂದು ಕಪ್ಪುಹಲಗೆ. ಬೇರೇನೂ ಬೇಡ. ಯೋಜನೆಯಲ್ಲಿ ‘ಬೋಧನೋಪಕರಣ: ಚಾರ್ಟ್, ಸೀಮೆಸುಣ್ಣ, ಡಸ್ಟರ್’ ಎಂದು ತುಂಬಿಸುವ ಬದಲು ಆ ಪಟ್ಟಿಯ ಚಿತ್ರವನ್ನೇ ಬರೆದು, ಯಾವ ಗಳಿಗೆಯಲ್ಲಿ ಮಡಿಸುತ್ತೀರಿ ಎಂದು ಗುರುತು ಹಾಕಿ.

ಹೊತ್ತು ಹಂಚುವುದು ನನ್ನ ಪ್ರಕಾರ ಹೀಗೆ: ಮೂರು ಪಟ್ಟಿಗೆ ಮೂರು ನಿಮಿಷ, ಮಕ್ಕಳು ನಿಯಮ ಹೇಳಲು ಒಂದು, ಅವರ ಉದಾಹರಣೆಗೆ ಒಂದು, ಮೌಲ್ಯಮಾಪನಕ್ಕೆ ಒಂದು. ನಿಯಮ ಅವರ ಬಾಯಲ್ಲಿ ಬಂದ ಮೇಲೆ ಹಲಗೆಯ ಮೇಲೆ ಒಂದೇ ವಾಕ್ಯ: ‘ಸ್ವರದ ಮುಂದೆ ಸ್ವರ ಬಂದಾಗ, ಅರ್ಥ ಕೆಡದಿದ್ದರೆ, ಮೊದಲಿನ ಸ್ವರ ಲೋಪವಾಗುತ್ತದೆ.’

ಹೋದ ವರ್ಷ ಬಿ.ಎಡ್. ಮುಗಿಸಿದಾಕೆ, ವಿಜಯಪುರ

ಯೋಜನೆ ಎಷ್ಟೇ ಛಂದ ಇರಲಿ, ಎದುರಿಗೆ ಕೂಡೋರು ನಿಮ್ಮ ಕ್ಲಾಸ್‌ಮೇಟ್‌ಗಳೇ ಅಲ್ಲವಾ? ಐದರಿಂದ ಹತ್ತು ಮಂದಿ, ಎಲ್ಲರಿಗೂ ಲೋಪಸಂಧಿ ಬಾಯಿಪಾಠ. ಮೊದಲ ಪಟ್ಟಿ ಎತ್ತಿದ ಕೂಡಲೇ ಒಬ್ಬರು ನಿಯಮ ಒದರಿಬಿಡ್ತಾರೆ. ಅಲ್ಲಿಗೆ ಅನುಗಮನ ಮುಗೀತು. ಅದಕ್ಕೆ ಹಿಂದಿನ ದಿನವೇ ಇಬ್ಬರಿಗೆ ಚೀಟಿ ಕೊಡ್ರಿ. ಒಬ್ಬರು “ಅ ಹೋಗೇತಿ” ಅನ್ನಬೇಕು, ಇನ್ನೊಬ್ಬರು ಎರಡನೇ ಪಟ್ಟಿ ಆಗೋತನಕ ಸುಮ್ಮನಿರಬೇಕು. ಇದು ಮೋಸ ಅಲ್ಲ, ಎಂಟನೇ ಕ್ಲಾಸಿನ ಹುಡುಗರು ಹಂಗೇ ಹೇಳ್ತಾರ. ಯೋಜನೆಯ ‘ವಿದ್ಯಾರ್ಥಿಗಳ ಚಟುವಟಿಕೆ’ ಅಂಕಣದಲ್ಲಿ ಎಲ್ಲಾ ಸರಿ ಉತ್ತರವನ್ನೇ ಬರೀಬ್ಯಾಡ್ರಿ. “ಅ ಹೋಗೇತಿ” ಅಂತ ಒಂದು ತಪ್ಪು ಉತ್ತರ, ಅದಕ್ಕ ನೀವು ಪಟ್ಟಿ ಬಿಡಿಸಿ ಮತ್ತ ಓದಿಸೋದು, ಇಷ್ಟೂ ಅಲ್ಲೇ ಬರೀರಿ.

ಇನ್ನೊಂದು ಮಾತು. ಭಾಳ ಪುಸ್ತಕದಾಗ ‘ನಿನಗಲ್ಲದೆ’ ಉದಾಹರಣೆ ಇರ್ತದ: ನಿನಗೆ + ಅಲ್ಲದೆ. ನಮ್ಮ ಕಡೆ ಮಾತಿನಾಗ ‘ನಿನಗ’ ಅಂತನೇ ಅನ್ನೋದು. ಇಲ್ಲಿನ ಮಗು ‘ನಿನಗ + ಅಲ್ಲದೆ’ ಅಂತ ಬಿಡಿಸಿದರೆ ಅದಕ್ಕೆ ಸಂಧಿ ತಿಳಿದಿಲ್ಲ ಅಂತಲ್ಲ, ತಾನಾಡೋ ಮಾತು ಬರದದ ಅಷ್ಟೇ. ಶಾಲೆಗೆ ಹೋಗಿ ಪಾಠ ಮಾಡೋವಾಗ ಊರು ನೋಡಿ ಉದಾಹರಣೆ ಆರಿಸ್ರಿ.

ಶಿಕ್ಷಕ ತರಬೇತಿಯಲ್ಲಿರುವ ಉಪನ್ಯಾಸಕ, ಮಂಗಳೂರು

ಮೌಲ್ಯಮಾಪನದ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ, ಆದ್ದರಿಂದ ಇದು. ನೀವು ಇಟ್ಟಿದ್ದ ಐದು ಪ್ರಶ್ನೆಗಳಲ್ಲಿ ಮೊದಲನೆಯದು ‘ಲೋಪಸಂಧಿ ಎಂದರೇನು?’ ಎಂದಿರಬಹುದೆಂದು ಊಹಿಸುತ್ತೇನೆ. ಉತ್ತರ ಹಲಗೆಯ ಮೇಲೇ ಇದೆ, ಅದನ್ನು ಓದಿ ಹೇಳಿದರೆ ಏನು ಅಳೆದಂತಾಯಿತು? ಪಾಠದಲ್ಲಿ ಬಾರದ ಪದ ಕೊಡಿ. ‘ಕಾಡಲ್ಲಿ’, ‘ನಿನಗಲ್ಲದೆ’ (ಮೇಲಿನ ಸೋದರಿಯ ಎಚ್ಚರಿಕೆ ನೆನಪಿಟ್ಟುಕೊಂಡು), ಎರಡನ್ನೂ ಬಿಡಿಸಿ ಬರೆದು ಹೋದ ಸ್ವರಕ್ಕೆ ಸುತ್ತು ಹಾಕಲಿ. ಇದು ನಿಮ್ಮ ಮೊದಲ ನಿರ್ದಿಷ್ಟೀಕರಣದ ಕ್ರಿಯಾಪದವನ್ನೇ ಪರೀಕ್ಷಿಸುತ್ತದೆ. ಎರಡನೆಯದಕ್ಕೆ ಬೇರೆ ಪ್ರಶ್ನೆ ಬೇಕಿಲ್ಲ, ಮಕ್ಕಳು ಪಾಠದ ನಡುವೆ ಕೊಡುವ ಉದಾಹರಣೆಗಳೇ ಸಾಕ್ಷಿ.

ಶಿರಸಿಯ ಮೇಷ್ಟ್ರ ಯೋಜನೆಗೆ ನಾನೊಂದು ಪಟ್ಟಿ ಸೇರಿಸುತ್ತೇನೆ, ಅವರು ಒಪ್ಪಲಿಕ್ಕಿಲ್ಲ. ‘ಗುರ್, ಉ, ಅನ್ನು’. ಮಡಿಸಿದರೆ ‘ಗುರನ್ನು’ ಆಗುತ್ತದೆ, ಮಕ್ಕಳು ನಗುತ್ತಾರೆ. ‘ಅರ್ಥ ಕೆಡದಿದ್ದರೆ’ ಎಂಬ ಮಾತು ಹಲಗೆಯ ಮೇಲೆ ಯಾಕಿದೆ ಎಂದು ಆಗ ತಿಳಿಯುತ್ತದೆ. ‘ಗುರುವನ್ನು’ ಎಂದು ವಕಾರ ಬರುವುದು ಆಗಮಸಂಧಿ, ಅದು ಮುಂದಿನ ಪಾಠ ಎಂದಷ್ಟೇ ಹೇಳಿ ನಿಲ್ಲಿಸಿ. ಅರ್ಧ ನಿಮಿಷ ಸಾಕು. ಮೊದಲ ಬೋಧನೆಯಲ್ಲಿ ಹೊತ್ತು ಸಾಲದಿದ್ದರೆ ಮರುಬೋಧನೆಗೆ ಇಟ್ಟುಕೊಳ್ಳಿ.

ಇನ್ನು ನಿಮ್ಮ ಕೌಶಲದ ಮೌಲ್ಯಮಾಪನ. ಅವಲೋಕನ ಪಟ್ಟಿಯಲ್ಲಿ ಘಟಕಾಂಶ, ಗೆರೆ ಎಳೆಯುವ ಜಾಗ, ಪಕ್ಕದಲ್ಲಿ ಸಾಮಾನ್ಯವಾಗಿ 0ಯಿಂದ 6ರವರೆಗಿನ ಶ್ರೇಣಿ ಇರುತ್ತದೆ. ವೀಕ್ಷಕರಾಗಿ ಕೂರುವ ಸಹಪಾಠಿಗಳು ಶ್ರೇಣಿಯಲ್ಲಿ ಎಲ್ಲಕ್ಕೂ 5 ಕೊಟ್ಟು ಎದ್ದು ಹೋಗುವುದೇ ರೂಢಿ (ನಾಳೆ ಅವರ ಸರದಿ ಇರುತ್ತದಲ್ಲ). ಅದನ್ನು ನೆಚ್ಚಬೇಡಿ, ಗೆರೆಗಳನ್ನು ನೋಡಿ. ‘ಸರಳ ಉದಾಹರಣೆ’ಯ ಮುಂದೆ ನಾಲ್ಕು ಗೆರೆ, ‘ವಿದ್ಯಾರ್ಥಿಗಳ ಉದಾಹರಣೆ’ಯ ಮುಂದೆ ಒಂದೂ ಇಲ್ಲವೆಂದರೆ, ನಿಯಮವನ್ನು ನೀವೇ ಹೇಳಿ ಮುಗಿಸಿದ್ದೀರಿ ಅಥವಾ ಹೊತ್ತು ಮೊದಲ ಪಟ್ಟಿಗೇ ಹೋಗಿದೆ. ಯಾವುದು ಎಂದು ತಿಳಿಯಲು ವೀಕ್ಷಕರೊಬ್ಬರು ಪ್ರತಿ ಗೆರೆಯ ಪಕ್ಕ ನಿಮಿಷ ಬರೆಯಲಿ.

ಮರುಯೋಜನೆಯ 12 ನಿಮಿಷದಲ್ಲಿ ಇಡೀ ಯೋಜನೆ ಬದಲಿಸಲು ಹೋಗಬೇಡಿ. ಅದೇ ನಿಯಮ, ಅದೇ ಪಟ್ಟಿಗಳು ಇರಲಿ. ಮರುಬೋಧನೆಗೆ ಬೇರೆ ಗುಂಪು ಕೂರುತ್ತದೆಯಾದರೆ ಉದಾಹರಣೆಗಳನ್ನೂ ಮುಟ್ಟಬೇಕಿಲ್ಲ. ಅದೇ ಗುಂಪಾದರೆ ಮೌಲ್ಯಮಾಪನದ ಎರಡು ಪದಗಳನ್ನು ಮಾತ್ರ ಬದಲಿಸಿ, ಇಲ್ಲದಿದ್ದರೆ ಅವರು ಹಿಂದಿನ ಉತ್ತರವನ್ನೇ ಒಪ್ಪಿಸುತ್ತಾರೆ. ‘ಮರದಲ್ಲಿ’ ಎಂಬುದನ್ನು ಮಾತ್ರ ಆರಿಸಬೇಡಿ, ಅಲ್ಲಿ ಬಂದಿರುವ ದಕಾರದ ಲೆಕ್ಕ ಕೇಳಿದರೆ ಒಂದು ನಿಮಿಷದಲ್ಲಿ ಮುಗಿಯದು. ‘ಬೀದಿಯಲ್ಲಿ’ ಯಕಾರಾಗಮ, ಅದೂ ಬೇಡ. ‘ಹಾಡನ್ನು’, ‘ಕೂಸಿಂದ’ ನಡೆಯುತ್ತವೆ.