ಅಪ್‌ಡೇಟ್: 40 ನಿಮಿಷದ ಸಂದರ್ಶನ ಕೊನೆಗೂ ಮುಗೀತು

ನಾನು ಕೇಳಿದ್ದು: ‘ಫೋನಲ್ಲೇ ತೆಗೆದ 40 ನಿಮಿಷದ ಸಂದರ್ಶನ ಇದೆ, ಖರ್ಚು ಮಾಡೋಕೆ ದುಡ್ಡಿಲ್ಲ. ವಿಡಿಯೋ ಎಡಿಟ್ ಮಾಡೋಕೆ ಫೋನ್ ಆ್ಯಪ್ ಸಾಕಾ, ಹಳೇ ಲ್ಯಾಪ್‌ಟಾಪಿಗೆ ಹೋಗ್ಲಾ?’

ಮೊದಲು ‘ಫೋನೇ ಸಾಕು’ ಅಂದವರ ಮಾತು ಕೇಳಿದೆ. ಹತ್ತು ನಿಮಿಷದವರೆಗೆ ಸಲೀಸು. ಆಮೇಲೆ ಆ ಪುಟ್ಟ ಟೈಮ್‌ಲೈನಲ್ಲಿ ಒಂದು ಕಟ್ ಹುಡುಕೋಕೇ ಬೆರಳು ಸೋತಿತು. ಎಕ್ಸ್‌ಪೋರ್ಟ್ ಹೊತ್ತಿಗೆ ಸ್ಟೋರೇಜೂ ತುಂಬಿತ್ತು.

ಕೈಹಿಡಿದದ್ದು ಲ್ಯಾಪ್‌ಟಾಪಲ್ಲಿ ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ, ಜೊತೆಗೆ ಪ್ರಾಕ್ಸಿ ಸಲಹೆ. ಕಡಿಮೆ ರೆಸಲ್ಯೂಷನ್ನಿನ ನಕಲಲ್ಲಿ ಕತ್ತರಿಸೋದು, ಎಕ್ಸ್‌ಪೋರ್ಟಿಗೆ ಮೂಲ ಫೈಲ್ ಬಳಸೋದು. ತೆವಳ್ತಿದ್ದ ಲ್ಯಾಪ್‌ಟಾಪ್ ನಡೆಯೋಕೆ ಶುರು ಮಾಡಿತು (ಓಡಲಿಲ್ಲ ಬಿಡಿ!).

ಯಾರೂ ಹೇಳದ ತೊಂದರೆ ಇನ್ನೊಂದು. ಶುರುವಲ್ಲಿ ಸರಿಯಿದ್ದ ಮಾತು, ಕೊನೆಗೆ ಬರೋ ಹೊತ್ತಿಗೆ ತುಟಿಗಿಂತ ಹಿಂದೆ ಬಿದ್ದಿತ್ತು. ಫೋನುಗಳು ಫ್ರೇಮ್ ರೇಟನ್ನು, ಅಂದ್ರೆ ಸೆಕೆಂಡಿಗೆ ತೆಗೆಯೋ ಚಿತ್ರಗಳ ಸಂಖ್ಯೆಯನ್ನ, ಒಂದೇ ಸಮ ಇಡೋದಿಲ್ಲ, ಬೆಳಕು ಕಡಿಮೆಯಾದರೂ ಬದಲಾಗುತ್ತೆ. ಚಿಕ್ಕ ಕ್ಲಿಪ್ಪಲ್ಲಿ ಅದು ಕಾಣೋದೇ ಇಲ್ಲ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಕನ್ವರ್ಟ್ ಮಾಡೋ ಸಾಫ್ಟ್‌ವೇರಲ್ಲಿ `Constant Framerate` ಆರಿಸಿ ಮೂಲ ಫೈಲನ್ನೇ ಬದಲಿಸಿಕೊಂಡೆ, ಸರಿಹೋಯ್ತು. ಬೇಜಾರೇನಂದ್ರೆ, ಇದನ್ನ ಕತ್ತರಿಸೋ ಮೊದಲೇ ಮಾಡಬೇಕಿತ್ತು. ಎರಡು ಸಂಜೆಯ ಕೆಲಸ ನೀರುಪಾಲು.

ಒಂದು ನಿಮಿಷದ ತುಣುಕುಗಳನ್ನ ಮಾತ್ರ ಈಗಲೂ ಫೋನಲ್ಲೇ ಮಾಡ್ತಿದ್ದೀನಿ.