ಸಹಾಯ ಬೇಕು: ಕಟಿಂಗ್ ಬೋರ್ಡಿನ ಆಳದ ಗೀರು, ಮೀನಿನ ವಾಸನೆ

ನಮ್ಮನೇಲಿ ತರಕಾರಿಗೆ ಮರದ್ದು, ಮೀನಿಗೆ ಪ್ಲಾಸ್ಟಿಕ್ ಬೋರ್ಡು. ಮರದ್ದಕ್ಕೆ ಬೆಳ್ಳುಳ್ಳಿ ವಾಸನೆ ಹಿಡಿದರೆ ಕಲ್ಲುಪ್ಪು ಉದುರಿಸಿ ನಿಂಬೆಹೋಳಿನಿಂದ ಉಜ್ಜಿ, ತೊಳೆದು, ಗೋಡೆಗೆ ಒರಗಿಸಿ ಒಣಗಿಸ್ತೀನಿ. ನೀರಲ್ಲಿ ನೆನೆಹಾಕಲ್ಲ, ಮರ ಬಿರುಕು ಬಿಡುತ್ತೆ.

ತಲೆನೋವು ಪ್ಲಾಸ್ಟಿಕ್ಕಿನದು. ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು, ಒಳಗೆ ಅರಿಶಿನದ ಹಳದಿ, ಬಂಗುಡೆ ವಾಸನೆ. ಸೋಪಲ್ಲಿ ತಿಕ್ಕಿ, 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸುವಾಸನೆಯಿಲ್ಲದ ಬ್ಲೀಚ್ ಹಾಕಿ ಸ್ವಲ್ಪ ಹೊತ್ತು ಅದ್ದಿಟ್ಟು ತೊಳೆದೆ. (ಬ್ಲೀಚ್ ಜೊತೆ ನಿಂಬೆ, ವಿನೆಗರ್ ಬೇಡವೇ ಬೇಡ, ವಿಷಾನಿಲ ಬರುತ್ತೆ.) ಮೇಲೆಲ್ಲ ಬೆಳ್ಳಗಾಯ್ತು, ಗೀರಿನೊಳಗಿನ ಜಿಡ್ಡು ಹಾಗೇ ಇದೆ. ಜಿಡ್ಡಿದ್ದಲ್ಲಿ ಬ್ಲೀಚ್ ಸರಿಯಾಗಿ ಕೆಲಸ ಮಾಡಲ್ಲ, ಹಾಗಾಗಿ ಎಸೆಯೋದೇ ಸರಿ ಅನ್ನಿಸ್ತಿದೆ. ನಮ್ಮೆಜಮಾನ್ರು ಸ್ಯಾಂಡ್‌ಪೇಪರ್ ಹಾಕೋಣ ಅಂತಾರೆ. ಪ್ಲಾಸ್ಟಿಕ್ ಪುಡಿ ಮೀನಿಗಂಟಿದರೆ? ಯಾರಾದ್ರೂ ಹಾಗೆ ಮಾಡಿ ನೋಡಿದ್ದೀರಾ?

ಮರದ್ದರ ಗೀರಿಗಂತೂ ಮೊದಲು 80ರ, ಆಮೇಲೆ 220ರ ಸ್ಯಾಂಡ್‌ಪೇಪರ್ ಎಳೆ ಹೋಗುವ ದಿಕ್ಕಲ್ಲೇ ಉಜ್ಜೋಣ ಅಂತಿದ್ದೀನಿ. ಆಮೇಲೆ ಎಣ್ಣೆ ಸವರಬೇಕಲ್ಲ, ಕಡಲೆಕಾಯಿ ಎಣ್ಣೆ ಕಮಟು ಹಿಡಿಯುತ್ತೆ. ಫುಡ್ ಗ್ರೇಡ್ ಮಿನರಲ್ ಆಯಿಲ್ ಮೈಸೂರಲ್ಲಿ ಯಾವ ತರಹದ ಅಂಗಡೀಲಿ ಸಿಗುತ್ತೆ ಅಂತ ಗೊತ್ತಿದ್ದವರು ತಿಳಿಸಿ.