ಅಪ್‌ಡೇಟ್: ವಾರ್ಫರಿನ್ ಮತ್ತು ಗ್ರೀನ್ ಟೀ

ನನ್ನ ಪ್ರಶ್ನೆ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುವ ತಂದೆಯವರ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ, 2.6ರಿಂದ 1.5ಕ್ಕೆ ಇಳಿದಿದೆ, ದಿನಕ್ಕೆ ಎಂಟು ಲೋಟ ಗ್ರೀನ್ ಟೀ ಕುಡಿಯುವುದು ಕಾರಣವೇ?

ವಿಟಮಿನ್ ಕೆ ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ ಬಹುಪಾಲು ಎಲೆಯಲ್ಲೇ ಉಳಿದು, ಸೋಸಿದ ಟೀಗೆ ತೀರ ಕಡಿಮೆ ಇಳಿಯುತ್ತದೆ ಎಂದು ವೈದ್ಯರು ವಿವರಿಸಿದರು. ಆದರೆ ತಂದೆಯವರ ಲೋಟದ ತಳದಲ್ಲಿ ಹಸಿರು ಗಸಿ ನಿಂತಿರುತ್ತಿತ್ತು: ಅವರು ಎಲೆಯ ನುಣ್ಣನೆಯ ಪುಡಿಯನ್ನೇ ಕಲಸಿ ಕುಡಿಯುತ್ತಿದ್ದರು. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಸಿದ್ಧಪಡಿಸಲು ಈ ವಿಟಮಿನ್ ಬೇಕು. ವಾರ್ಫರಿನ್ ತಡೆಯುವುದು ಆ ಕೆಲಸವನ್ನೇ.

ಮಾತ್ರೆಯ ಪ್ರಮಾಣ ಹೆಚ್ಚಿಸಿದ ಮೇಲೆ ಪುಡಿ ನಿಲ್ಲಿಸಿದರೆ ಐಎನ್‌ಆರ್ ಮೇಲೇರಿ ರಕ್ತಸ್ರಾವವಾಗುವ ಅಪಾಯವಿತ್ತು (ಇದು ನನಗೆ ಹೊಳೆದೇ ಇರಲಿಲ್ಲ). ಆದ್ದರಿಂದ ವೈದ್ಯರು ಪ್ರಮಾಣ ಬದಲಿಸದೆ ಪುಡಿಯನ್ನಷ್ಟೇ ಬಿಡಿಸಿ, ವಾರಕ್ಕೊಮ್ಮೆ ಪರೀಕ್ಷಿಸಿದರು. ಎರಡನೇ ವಾರ ಐಎನ್‌ಆರ್ 2.3 ಬಂದಿತು, ಅವರಿಗೆ ನಿಗದಿಯಾದ ಮಿತಿ 2ರಿಂದ 3. ಈಗ ನಿತ್ಯ ಸೋಸಿದ ಟೀ ಎರಡೇ ಲೋಟ.